ಪಿ53 ಬ್ಯಾಂಡ್ ಬಂತು, ಸರಿ. ಅದು ಪಿ53 ಅಂತ ಹೇಗೆ ಗೊತ್ತು?

ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರೆ ಮಾಡಿ, ಮೆಂಬ್ರೇನ್‌ಗೆ ದಾಟಿಸಿ, ಆಂಟಿಬಾಡಿಯಿಂದ ಹುಡುಕುವ ವಿಧಾನದಲ್ಲಿ, ಮೆಂಬ್ರೇನ್ ಮೇಲೆ 53 ಕಿಲೋಡಾಲ್ಟನ್ ತೂಕದ ಹತ್ತಿರ ಒಂದು ಕಪ್ಪು ಗೆರೆ ಮೂಡಿದ ಕೂಡಲೇ "ಬ್ಯಾಂಡ್ ಬಂತ್ರೀ ಮೇಡಂ" ಅಂತ ಫೋನ್‌ನಲ್ಲಿ ಫೋಟೊ ಹಿಡಿದು ಓಡಿ ಬರುತ್ತಾರೆ ನಮ್ಮ ಹುಡುಗರು. ನಾನು ಕೇಳುವುದು ಒಂದೇ. ಪಕ್ಕದ ಲೇನ್‌ನಲ್ಲಿ, ಅಂದರೆ ಪಕ್ಕದ ಸ್ಯಾಂಪಲ್ ಓಡಿದ ಪಟ್ಟಿಯಲ್ಲಿ, ಏನಿದೆ? ಬ್ಯಾಂಡ್ ಅಂದರೆ ಅಲ್ಲಿ ಆಂಟಿಬಾಡಿ ಕೂತಿದೆ ಅಂತ, ಅಷ್ಟೇ. ಯಾವುದರ ಮೇಲೆ ಕೂತಿದೆ, ಎಷ್ಟು ಕೂತಿದೆ ಅನ್ನೋದನ್ನು ಆ ಗೆರೆ ತಾನಾಗಿ ಹೇಳೋದಿಲ್ಲ, ಅಕ್ಕಪಕ್ಕದ ಲೇನ್‌ಗಳಿಂದ ಹೇಳಿಸಬೇಕು.

ಅದಕ್ಕೆ ಇಲ್ಲಿ ಒಂದೇ ಪ್ರೋಟೀನ್ ಹಿಡಿದುಕೊಂಡು, ಜೀವಕೋಶ ಒಡೆಯುವುದರಿಂದ ಹಿಡಿದು ಬ್ಯಾಂಡ್ ಓದುವವರೆಗೆ ಹೋಗೋಣ. ಪ್ರೋಟೀನ್ ಪಿ53, ಜೀವಕೋಶ ಕ್ಯಾನ್ಸರ್ ಆಗದಂತೆ ಕಾಯುವಂಥದ್ದು. ಜೀವಕೋಶ ಎಂಸಿಎಫ್-7, ಅಂದರೆ ಸ್ತನ ಕ್ಯಾನ್ಸರ್‌ನಿಂದ ತೆಗೆದು ಲ್ಯಾಬ್‌ನಲ್ಲಿ ಬೆಳೆಸುತ್ತಾ ಬಂದ ಜೀವಕೋಶಗಳ ಸಾಲು. ಇದರಲ್ಲಿ ಪಿ53 ಜೀನ್ ಕೆಟ್ಟಿಲ್ಲ, ಸರಿಯಾಗೇ ಇದೆ. ಜೊತೆಗೆ ಎಚ್1299 ಅನ್ನೋ ಶ್ವಾಸಕೋಶ ಕ್ಯಾನ್ಸರ್ ಸಾಲು. ಇದರಲ್ಲಿ ಪಿ53 ಇಲ್ಲವೇ ಇಲ್ಲ. ಈ ಎರಡನೆಯದನ್ನು ಮರೆತರೆ ಉಳಿದದ್ದೆಲ್ಲ ಮಾಡಿಯೂ ಉಪಯೋಗ ಕಡಿಮೆ.

ಮೊದಲು ಲೇನ್‌ಗಳನ್ನು ಕಾಗದದ ಮೇಲೆ ಬರೆಯಿರಿ

ಜೆಲ್ ಹಾಕುವ ಮುಂಚೆಯೇ ಯಾವ ಲೇನ್‌ನಲ್ಲಿ ಏನು, ಎಲ್ಲ ಸರಿ ಹೋದರೆ ಎಲ್ಲಿ ಏನು ಕಾಣಬೇಕು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ನಮ್ಮ ಉದಾಹರಣೆಯಲ್ಲಿ ಒಂದನೇ ಲೇನ್ ಲ್ಯಾಡರ್, ಅಂದರೆ ತೂಕ ಗೊತ್ತಿರುವ ಪ್ರೋಟೀನ್‌ಗಳ ಅಳತೆಪಟ್ಟಿ. ಎರಡನೆಯದು ಏನೂ ಮಾಡದ ಎಂಸಿಎಫ್-7. ಮೂರನೆಯದು ಡಾಕ್ಸೊರುಬಿಸಿನ್ ಕೊಟ್ಟ ಎಂಸಿಎಫ್-7. ನಾಲ್ಕನೆಯದು ಎಚ್1299. ಐದನೆಯದರಲ್ಲಿ ಮೂರನೇ ಸ್ಯಾಂಪಲ್ಲೇ, ಆದರೆ ಅರ್ಧ ಪ್ರಮಾಣ.

ಡಾಕ್ಸೊರುಬಿಸಿನ್ ಯಾಕೆ ಅಂದರೆ, ಆರಾಮಾಗಿರುವ ಜೀವಕೋಶದಲ್ಲಿ ಪಿ53 ಜಾಸ್ತಿ ಹೊತ್ತು ಉಳಿಯುವುದಿಲ್ಲ. ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಅದಕ್ಕೆ ಗುರುತು ಹಚ್ಚಿ ಒಡೆಯಲು ಕಳಿಸುತ್ತಲೇ ಇರುತ್ತದೆ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಅರ್ಧಕ್ಕರ್ಧ ಖಾಲಿ. ಡಾಕ್ಸೊರುಬಿಸಿನ್ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಈ ಒಡೆಯುವ ಕೆಲಸ ನಿಂತು ಪಿ53 ಶೇಖರ ಆಗುತ್ತದೆ. ಹಾಗಾಗಿ ಎರಡನೇ ಲೇನ್‌ನಲ್ಲಿ ತೆಳು ಗೆರೆ, ಮೂರನೆಯದರಲ್ಲಿ ದಪ್ಪ, ನಾಲ್ಕನೆಯದರಲ್ಲಿ ಖಾಲಿ, ಐದನೆಯದರಲ್ಲಿ ಮೂರನೆಯದರ ಅರ್ಧ. ಹೀಗೆ ಬಂದರೆ ಮಾತ್ರ ಆ ಗೆರೆಗೆ ಪಿ53 ಅಂತ ಹೆಸರಿಡಬಹುದು.

ಲ್ಯಾಬ್‌ನಲ್ಲಿ ಸುಲಭವಾಗಿ ಸಿಗುತ್ತೆ ಅಂತ ಹೀಲಾ ಜೀವಕೋಶ ತೆಗೆದುಕೊಳ್ಳಬೇಡಿ. ಅದರೊಳಗಿರುವ ಪ್ಯಾಪಿಲೋಮಾ ವೈರಸ್‌ನ ಇ6 ಪ್ರೋಟೀನ್ ಪಿ53 ಅನ್ನು ಒಡೆಸಿ ಹಾಕುತ್ತದೆ. ಜೀನ್ ಸರಿಯಾಗಿದ್ದರೂ ಬ್ಯಾಂಡ್ ತೀರಾ ಮಂಕು. ಆಂಟಿಬಾಡಿ ಕೆಟ್ಟಿದೆ ಅಂತ ಅದನ್ನು ಬೈಯುತ್ತಾ ಕೂರಬೇಕಾಗುತ್ತದೆ.

ಜೀವಕೋಶ ಒಡೆಯುವುದು

60 ಮಿಲಿಮೀಟರ್ ಡಿಶ್‌ನಲ್ಲಿ ಮುಕ್ಕಾಲು ಭಾಗ ತುಂಬಿದ ಎಂಸಿಎಫ್-7ಗೆ 0.5 ಮೈಕ್ರೋಮೋಲಾರ್ ಡಾಕ್ಸೊರುಬಿಸಿನ್ ಹಾಕಿ ರಾತ್ರಿಯಿಡೀ, ಸುಮಾರು 16 ಗಂಟೆ, ಇನ್‌ಕ್ಯುಬೇಟರ್‌ನಲ್ಲಿ ಬಿಡಿ. ಇದು ಕೀಮೋಥೆರಪಿಗೆ ಕೊಡುವ ಔಷಧ. ಗ್ಲೌಸ್ ಹಾಕಿಯೇ ಮುಟ್ಟಬೇಕು, ಆ ಮೀಡಿಯಾವನ್ನು ಸಿಂಕ್‌ಗೆ ಸುರಿಯಬಾರದು, ಬೇರೆ ಡಬ್ಬಿಯಲ್ಲಿ ಇಡಬೇಕು.

ಮರುದಿನ ಮೀಡಿಯಾ ತೆಗೆದು, ತಣ್ಣನೆಯ ಪಿಬಿಎಸ್ ಉಪ್ಪು ದ್ರಾವಣದಲ್ಲಿ ಎರಡು ಸಲ ತೊಳೆದು, ಡಿಶ್ ಅನ್ನು ಐಸ್ ಮೇಲಿಟ್ಟು, ಜೀವಕೋಶ ಒಡೆಯುವ ರೀಪಾ ಬಫರ್ 150 ಮೈಕ್ರೋಲೀಟರ್ ಹಾಕಿ. ಪ್ರೋಟೀನ್ ಕತ್ತರಿಸುವ ಎನ್‌ಜೈಮ್‌ಗಳನ್ನು ತಡೆಯುವ ಪ್ರೋಟಿಯೇಸ್ ಇನ್‌ಹಿಬಿಟರ್ ಅದರಲ್ಲಿ ಇರಲೇಬೇಕು. ಪಿಎಂಎಸ್‌ಎಫ್ ಅನ್ನೋ ಇನ್‌ಹಿಬಿಟರ್ ಬಳಸುವವರು ಅದನ್ನು ಕಡೇ ಗಳಿಗೆಯಲ್ಲಿ ಸೇರಿಸಿ. ನೀರಿನಲ್ಲಿ ಅದು ಬೇಗ ಸತ್ತು ಹೋಗುತ್ತದೆ, ಬೆಳಿಗ್ಗೆ ಸೇರಿಸಿಟ್ಟ ಬಫರ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಇದ್ದೂ ಇಲ್ಲದ ಹಾಗೆ. ಡಿಶ್ ಕೆರೆದು ಟ್ಯೂಬ್‌ಗೆ ಹಾಕಿ 20 ನಿಮಿಷ ಐಸ್‌ನಲ್ಲಿಡಿ.

ಪಿ53 ಜಾಸ್ತಿ ಇರುವುದು ನ್ಯೂಕ್ಲಿಯಸ್‌ನಲ್ಲಿ. ಮೃದುವಾದ ಬಫರ್ ಬಳಸಿದರೆ ಹೊರಗಿನ ಪೊರೆ ಒಡೆಯುತ್ತದೆ, ನ್ಯೂಕ್ಲಿಯಸ್ ಹಾಗೇ ಉಳಿದು, ಸೆಂಟ್ರಿಫ್ಯೂಜ್ ಮಾಡಿದಾಗ ನಿಮಗೆ ಬೇಕಾದದ್ದೆಲ್ಲ ತಳಕ್ಕೆ ಹೋಗಿ ಕೂತಿರುತ್ತದೆ. ಅದಕ್ಕೇ ರೀಪಾ. ಅದರಲ್ಲಿ ಡಿಎನ್‌ಎ ಹೊರಬಂದು ದ್ರವ ಲೋಳೆಯಂತೆ ಎಳೆಯುತ್ತದೆ, ಆಗ 26 ಗೇಜ್ ಸೂಜಿಯಲ್ಲಿ ಎಂಟು ಹತ್ತು ಸಲ ಎಳೆದು ಬಿಟ್ಟರೆ ಸಡಿಲವಾಗುತ್ತದೆ. ಆಮೇಲೆ 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಳ್ಳಿ.

ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಈ ಹಂತದಲ್ಲೇ ಅರ್ಧ ಸ್ಯಾಂಪಲ್ ಹಾಳಾಗುವುದು. ಹೊರಗೆ 42 ಡಿಗ್ರಿ ಇರುವಾಗ ಐಸ್ ಬಕೆಟ್‌ನಲ್ಲಿ ಇರೋದು ಐಸ್ ಅಲ್ಲ, ನೀರು. ಟ್ಯೂಬ್ ತೇಲುತ್ತಾ ಇರುತ್ತದೆ, ನೀವು ಐಸ್‌ನಲ್ಲಿದೆ ಅಂದುಕೊಂಡಿರುತ್ತೀರಿ. ಕಲ್ಚರ್ ರೂಮ್‌ನಿಂದ ಸೆಂಟ್ರಿಫ್ಯೂಜ್‌ವರೆಗೆ ಕಾರಿಡಾರ್‌ನಲ್ಲಿ ನಡೆಯುವ ಮುಂಚೆ ಐಸ್ ಹೊಸದಾಗಿ ತುಂಬಿ, ಸೆಂಟ್ರಿಫ್ಯೂಜ್ ಅನ್ನು ಅರ್ಧ ಗಂಟೆ ಮೊದಲೇ ತಣ್ಣಗೆ ಮಾಡಿಡಿ. ಈ ಸೋಮಾರಿತನದ ಬೆಲೆ ಎರಡು ದಿನ ಬಿಟ್ಟು ಕಾಣುತ್ತದೆ, 53ರ ಕೆಳಗೆ ಸಣ್ಣಸಣ್ಣ ಗೆರೆಗಳಾಗಿ.

ಅಳತೆ ಮತ್ತು ಒಂದು ಸಣ್ಣ ಲೆಕ್ಕ

ರೀಪಾದಲ್ಲಿ ಡಿಟರ್ಜೆಂಟ್ ಇರುವುದರಿಂದ ಪ್ರೋಟೀನ್ ಅಳೆಯುವ ಬ್ರ್ಯಾಡ್‌ಫೋರ್ಡ್ ವಿಧಾನ ತಪ್ಪು ತೋರಿಸುತ್ತದೆ. ಬಿಸಿಎ ಮಾಡಿ. ನಮಗೆ ಬಂದದ್ದು ಹೀಗಿದೆ ಅಂದುಕೊಳ್ಳೋಣ: ಔಷಧ ಕೊಡದ ಎಂಸಿಎಫ್-7ನಲ್ಲಿ ಮೈಕ್ರೋಲೀಟರಿಗೆ 2.5 ಮೈಕ್ರೋಗ್ರಾಂ, ಕೊಟ್ಟದ್ದರಲ್ಲಿ 1.8, ಎಚ್1299ನಲ್ಲಿ 3.0. ಔಷಧ ಕೊಟ್ಟಾಗ ಜೀವಕೋಶ ಸಾಯುವುದರಿಂದ ಅಲ್ಲಿ ಕಡಿಮೆ ಬರೋದು ಸಹಜ.

ಪ್ರತಿ ಲೇನ್‌ಗೆ 24 ಮೈಕ್ರೋಗ್ರಾಂ ಬೇಕು, ಒಟ್ಟು 20 ಮೈಕ್ರೋಲೀಟರ್, ಅದರಲ್ಲಿ 5 ಮೈಕ್ರೋಲೀಟರ್ ನಾಲ್ಕು ಪಟ್ಟು ಗಟ್ಟಿಯಿರುವ ಸ್ಯಾಂಪಲ್ ಬಫರ್. ಹಾಗಾದರೆ ಮೊದಲನೆಯದಕ್ಕೆ 24 ಭಾಗಿಸು 2.5, ಅಂದರೆ 9.6 ಮೈಕ್ರೋಲೀಟರ್ ಸ್ಯಾಂಪಲ್ ಮತ್ತು 5.4 ರೀಪಾ. ಎರಡನೆಯದಕ್ಕೆ 13.3 ಸ್ಯಾಂಪಲ್ ಮತ್ತು 1.7 ರೀಪಾ. ಎಚ್1299ಗೆ 8 ಮತ್ತು 7. ಕೊರತೆಯನ್ನು ನೀರಿನ ಬದಲು ರೀಪಾದಿಂದಲೇ ತುಂಬಿ, ಎಲ್ಲ ಲೇನ್‌ನಲ್ಲೂ ಉಪ್ಪು ಸಮ ಇರುತ್ತದೆ. ಉಪ್ಪು ಹೆಚ್ಚುಕಡಿಮೆ ಆದರೆ ಪಕ್ಕಪಕ್ಕದ ಲೇನ್‌ಗಳು ಒಂದು ಅಗಲ, ಒಂದು ಕಿರಿದು ಆಗಿ ಓಡುತ್ತವೆ. 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ.

ಜೆಲ್, ಟ್ರಾನ್ಸ್‌ಫರ್, ಮತ್ತು ಕರೆಂಟ್

10 ಶೇಕಡಾ ಜೆಲ್ ಸಾಕು. ಪಾಲಿಮರ್ ಆಗದ ಅಕ್ರಿಲಮೈಡ್ ನರಗಳಿಗೆ ವಿಷ, ಅದಕ್ಕೂ ಗ್ಲೌಸ್ ಬೇಕು. ನಮ್ಮ ಬೇಸಿಗೆಯಲ್ಲಿ ಜೆಲ್ ಗಟ್ಟಿಯಾಗಿಸುವ ಟೆಮೆಡ್ ಹಾಕಿ ತಿರುಗಿ ನೋಡುವಷ್ಟರಲ್ಲಿ ಬೀಕರ್‌ನಲ್ಲೇ ಗಟ್ಟಿಯಾಗಿರುತ್ತದೆ. ಆಗ ದ್ರಾವಣವನ್ನು ಐಸ್ ಮೇಲಿಟ್ಟು ತಣ್ಣಗೆ ಮಾಡಿ, ಕಡೆಗೆ ಟೆಮೆಡ್ ಹಾಕಿ ಕೂಡಲೇ ಸುರಿಯಿರಿ. ಬಫರ್‌ಗೆಲ್ಲ ಡಿಸ್ಟಿಲ್ಡ್ ನೀರೇ ಆಗಬೇಕು. ಸುತ್ತಲೂ ಸುಣ್ಣದ ಕಲ್ಲಿನ ನೆಲ, ನಮ್ಮ ನಲ್ಲಿ ನೀರು ಗಡಸು ಅಂತ ಪಾತ್ರೆ ನೋಡಿದರೇ ತಿಳಿಯುತ್ತೆ, ಅಲ್ವಾ?

ಮೇಲಿನ ಜೆಲ್‌ನಲ್ಲಿ 80 ವೋಲ್ಟ್, ಕೆಳಗಿನದಕ್ಕೆ ಇಳಿದ ಮೇಲೆ 120. ಬೇಗ ಮುಗಿಸಲು 180ಕ್ಕೆ ಏರಿಸಿದರೆ ಜೆಲ್‌ನ ನಡುಭಾಗ ಬಿಸಿಯಾಗಿ ಅಲ್ಲಿನ ಪ್ರೋಟೀನ್ ಮುಂದೆ ಓಡುತ್ತದೆ, ಬ್ಯಾಂಡ್‌ಗಳ ಸಾಲು ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ಸಾಲಿನಲ್ಲಿ ಅಂಚಿನ ಲ್ಯಾಡರ್ ನೋಡಿ ನಡುವಿನ ಬ್ಯಾಂಡ್‌ನ ತೂಕ ಹೇಳಿದರೆ ಅದು ಸುಳ್ಳಾಗುತ್ತದೆ.

ಜೆಲ್‌ನಿಂದ ಪ್ರೋಟೀನ್ ದಾಟಿಸುವ ಟ್ರಾನ್ಸ್‌ಫರ್‌ಗೆ ಪಿವಿಡಿಎಫ್ ಮೆಂಬ್ರೇನ್ ತೆಗೆದುಕೊಂಡು ಮೊದಲು ಮೆಥನಾಲ್‌ನಲ್ಲಿ ಒಂದು ನಿಮಿಷ ನೆನೆಸಿ. ಒಣ ಮೆಂಬ್ರೇನ್ ನೀರು ಹಿಡಿಯುವುದೇ ಇಲ್ಲ. ಪ್ರೋಟೀನ್‌ಗೆ ಎಸ್‌ಡಿಎಸ್ ಸುತ್ತಿಕೊಂಡು ಋಣ ವಿದ್ಯುತ್ ಇರುತ್ತದೆ, ಹಾಗಾಗಿ ಅದು ಧನ ತುದಿಯ ಕಡೆಗೆ ಹೋಗುತ್ತದೆ. ಜೆಲ್ ಕಪ್ಪು ತಟ್ಟೆಯ ಕಡೆ, ಮೆಂಬ್ರೇನ್ ಕೆಂಪು ತುದಿಯ ಕಡೆ. ತಿರುಗುಮುರುಗು ಆದರೆ ಪ್ರೋಟೀನ್ ಎಲ್ಲ ಬಫರ್ ಪಾಲು, ವಾಪಸ್ ಬರೋದಿಲ್ಲ. ಜೆಲ್‌ಗೂ ಮೆಂಬ್ರೇನ್‌ಗೂ ನಡುವೆ ಗಾಳಿಗುಳ್ಳೆ ಉಳಿಯದಂತೆ ರೋಲರ್ ಅಥವಾ ಟೆಸ್ಟ್ ಟ್ಯೂಬ್ ಉರುಳಿಸಿ. 100 ವೋಲ್ಟ್, ಒಂದು ಗಂಟೆ, ಟ್ಯಾಂಕ್‌ನೊಳಗೆ ಐಸ್ ಬ್ಲಾಕ್, ಹೊರಗೂ ಐಸ್.

ಇನ್ನು ಕರೆಂಟ್. ಮಧ್ಯದಲ್ಲಿ ಹೋದರೆ ಜೆಲ್, ಮೆಂಬ್ರೇನ್ ಜೋಡಿಸಿದ ಸ್ಯಾಂಡ್‌ವಿಚ್ ಬಿಚ್ಚಬೇಡಿ. ಹತ್ತಿಪ್ಪತ್ತು ನಿಮಿಷದಲ್ಲಿ ಬಂದರೆ ಉಳಿದ ಸಮಯ ಓಡಿಸಿ, ಐಸ್ ಬದಲಾಯಿಸಿ, ನೋಟ್‌ಬುಕ್‌ನಲ್ಲಿ ಬರೆಯಿರಿ. ಎರಡು ಮೂರು ಗಂಟೆ ಬರಲಿಲ್ಲ ಅಂದರೆ ಜೆಲ್‌ನಲ್ಲಿ ಉಳಿದ ಪ್ರೋಟೀನ್ ಅಕ್ಕಪಕ್ಕಕ್ಕೆ ಹರಡಿ ಬ್ಯಾಂಡ್ ಮಬ್ಬಾಗುತ್ತದೆ. ಆ ಬ್ಲಾಟ್‌ನಿಂದ ಪ್ರಮಾಣ ಅಳೆಯಬೇಡಿ. ಪವರ್ ಪ್ಯಾಕ್ ಅನ್ನು ಯುಪಿಎಸ್‌ಗೆ ಹಾಕಿಕೊಂಡರೆ ಈ ರಗಳೆಯೇ ಇಲ್ಲ.

ಮೆಂಬ್ರೇನ್ ತೆಗೆದ ಕೂಡಲೇ ಎಲ್ಲ ಪ್ರೋಟೀನ್‌ಗೂ ಹಿಡಿಯುವ ಪಾನ್ಸೋ ಬಣ್ಣ ಹಾಕಿ. ಐದು ನಿಮಿಷದ ಕೆಲಸ. ಎಲ್ಲ ಲೇನ್‌ನಲ್ಲೂ ಕೆಂಪು ಗೆರೆಗಳ ಸಾಲು ಮೇಲಿಂದ ಕೆಳಗೆ ಒಂದೇ ಸಮ ಕಾಣಬೇಕು. ಗುಂಡಗೆ ಬಿಳಿ ಕಲೆ ಕಂಡರೆ ಅಲ್ಲಿ ಗುಳ್ಳೆ ಇತ್ತು. ಅದು 53ರ ಜಾಗದಲ್ಲೇ ಇದ್ದರೆ ಈಗಲೇ ನಿಲ್ಲಿಸಿ, ಆಂಟಿಬಾಡಿ ವ್ಯರ್ಥ ಮಾಡಬೇಡಿ. ಇದರ ಫೋಟೊ ತೆಗೆದಿಡಲು ಮರೆಯಬೇಡಿ, ಮುಂದೆ ಬೇಕಾಗುತ್ತದೆ. ಆಮೇಲೆ ಟಿಬಿಎಸ್‌ಟಿ ಬಫರ್‌ನಲ್ಲಿ ಬಣ್ಣ ತೊಳೆಯಿರಿ.

ಹಾಲು ಮತ್ತು ಆಂಟಿಬಾಡಿ

ಮೆಂಬ್ರೇನ್‌ನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಂತೆ 5 ಶೇಕಡಾ ಕೊಬ್ಬು ತೆಗೆದ ಹಾಲಿನ ಪುಡಿಯಲ್ಲಿ ಒಂದು ಗಂಟೆ ಇಡಬೇಕು. ಅಂಗಡಿಯಲ್ಲಿ ಚಹಾಕ್ಕೆ ಅಂತ ಕೊಡುವ ಡೇರಿ ವೈಟ್‌ನರ್ ತರಬೇಡಿ, ಅದರಲ್ಲಿ ಸಕ್ಕರೆ ಇರುತ್ತದೆ, ಕೊಬ್ಬೂ ಇರುತ್ತದೆ. ಪೊಟ್ಟಣದ ಹಿಂದೆ ಓದಿ ತನ್ನಿ.

ವಿಧಾನದ ಹಾಳೆಯಲ್ಲಿ "ರೂಮ್ ಟೆಂಪರೇಚರ್" ಅಂತ ಇರುತ್ತದಲ್ಲ, ಅದು 20ರಿಂದ 25 ಡಿಗ್ರಿ ಇರುವ ರೂಮ್. ಮೇ ತಿಂಗಳಲ್ಲಿ ಎಸಿ ಇಲ್ಲದ ನಮ್ಮ ಲ್ಯಾಬ್ 36, 38 ಇರುತ್ತದೆ. ಬೆಳಿಗ್ಗೆ ಕಲಸಿದ ಹಾಲು ಸಂಜೆಗೆ ಹುಳಿ ವಾಸನೆ ಹೊಡೆಯುತ್ತದೆ, ಅದರಲ್ಲಿ ಸೆಕೆಂಡರಿ ಆಂಟಿಬಾಡಿ, ಅಂದರೆ ಮೊದಲ ಆಂಟಿಬಾಡಿಯನ್ನು ಹಿಡಿಯುವ ಎರಡನೆಯದು, ಕಲಸಿದರೆ ಮೆಂಬ್ರೇನ್ ತುಂಬಾ ಚುಕ್ಕೆ. ದಿನಾ ಹೊಸ ಹಾಲು ಮಾಡಿ, ಆಂಟಿಬಾಡಿ ಹಂತವನ್ನು ಆದಷ್ಟು ಎಸಿ ಇರುವ ಇನ್‌ಸ್ಟ್ರುಮೆಂಟ್ ರೂಮ್‌ನಲ್ಲಿ ಮಾಡಿ.

ಪಿ53ಗೆ ಡಿಒ-1 ಅನ್ನೋ ಇಲಿಯ ಮಾನೋಕ್ಲೋನಲ್ ಆಂಟಿಬಾಡಿ ಬಹಳ ಜನ ಬಳಸುತ್ತಾರೆ. ಇದು ಪಿ53ಯ ಶುರುವಿನ ಭಾಗದಲ್ಲಿ, 20ರಿಂದ 25ನೇ ಅಮೈನೋ ಆಮ್ಲದ ಹತ್ತಿರ ಹಿಡಿಯುತ್ತದೆ. ಈ ಮಾತು ನೆನಪಿರಲಿ, ಬ್ಯಾಂಡ್ ಓದುವಾಗ ಬೇಕು. 5 ಮಿಲಿಲೀಟರ್ ಹಾಲಿಗೆ 5 ಮೈಕ್ರೋಲೀಟರ್ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲ್ಲಾಡಿಸುತ್ತಾ ಬಿಡಿ. ಬೆಳಿಗ್ಗೆ ಟಿಬಿಎಸ್‌ಟಿಯಲ್ಲಿ ಹತ್ತತ್ತು ನಿಮಿಷ ಮೂರು ಸಲ ತೊಳೆಯಿರಿ. ಎಚ್‌ಆರ್‌ಪಿ ಎನ್‌ಜೈಮ್ ಹಚ್ಚಿದ ಆಂಟಿ-ಮೌಸ್ ಸೆಕೆಂಡರಿ 1:5000, ಒಂದು ಗಂಟೆ. ಮತ್ತೆ ಮೂರು ಸಲ ತೊಳೆತ. ಒಂದು ಎಚ್ಚರಿಕೆ: ಆಂಟಿಬಾಡಿ ಕೆಡದಿರಲಿ ಅಂತ ಸೋಡಿಯಂ ಅಜೈಡ್ ಹಾಕುವ ರೂಢಿ ಇದೆ. ಡಿಒ-1ನಂಥ ಪ್ರೈಮರಿಗೆ ಆದರೆ ಸರಿ, ತೊಳೆದು ಹೋಗುತ್ತದೆ. ಎಚ್‌ಆರ್‌ಪಿ ಇರುವ ಸೆಕೆಂಡರಿಗೆ ಹಾಕಿದರೆ ಎನ್‌ಜೈಮ್ ಕೆಲಸವನ್ನೇ ನಿಲ್ಲಿಸುತ್ತದೆ.

ಎಚ್‌ಆರ್‌ಪಿ ಇರುವಲ್ಲಿ ಬೆಳಕು ಕೊಡುವ ಇಸಿಎಲ್ ಹಾಕಿ ಇಮೇಜರ್‌ನಲ್ಲಿ ಇಟ್ಟಾಗ ಒಂದೇ ಫೋಟೊ ತೆಗೆದು ಎದ್ದು ಬರಬೇಡಿ. 5 ಸೆಕೆಂಡ್, 30 ಸೆಕೆಂಡ್, 2 ನಿಮಿಷ, ಹೀಗೆ ಮೂರಾದರೂ ತೆಗೆಯಿರಿ. ಚಂದ ಕಾಣುವ ಕಡುಕಪ್ಪು ಬ್ಯಾಂಡ್ ಸಾಮಾನ್ಯವಾಗಿ ಅಳೆಯಲು ಬರದ ಬ್ಯಾಂಡ್. ಅಲ್ಲಿ ಕ್ಯಾಮೆರಾ ತುಂಬಿಹೋಗಿರುತ್ತದೆ, ಎರಡರಷ್ಟಿದ್ದರೂ ಹತ್ತರಷ್ಟಿದ್ದರೂ ಒಂದೇ ಕಪ್ಪು. ತುಂಬಿದ ಜಾಗವನ್ನು ಕೆಂಪಾಗಿ ತೋರಿಸುವ ಸೌಲಭ್ಯ ಬಹಳ ಇಮೇಜರ್‌ಗಳಲ್ಲಿ ಇರುತ್ತದೆ, ಆನ್ ಮಾಡಿಕೊಳ್ಳಿ.

ಈಗ ಬ್ಯಾಂಡ್ ಓದೋಣ

ಪಿ53ಯಲ್ಲಿ 393 ಅಮೈನೋ ಆಮ್ಲಗಳಿವೆ. ಲೆಕ್ಕ ಹಾಕಿದರೆ ತೂಕ ಸುಮಾರು 43.7 ಕಿಲೋಡಾಲ್ಟನ್. ಆದರೆ ಜೆಲ್‌ನಲ್ಲಿ ಅದು 53ರಲ್ಲಿ ನಿಲ್ಲುತ್ತದೆ. ಅದರಲ್ಲಿ ಪ್ರೋಲಿನ್ ಜಾಸ್ತಿ ಇರುವ ಭಾಗವೊಂದಿದೆ, ಅದರಿಂದಾಗಿ ನಿಧಾನವಾಗಿ ಓಡುತ್ತದೆ. ಅಂದರೆ ಡೇಟಾಬೇಸ್‌ನಲ್ಲಿ ತೂಕ ನೋಡಿಕೊಂಡು 44ರ ಹತ್ತಿರ ಹುಡುಕಿದವರಿಗೆ ಸಿಗುವುದಿಲ್ಲ. ಅಥವಾ ಇನ್ನೂ ಕೆಟ್ಟದ್ದು, ಅಲ್ಲಿ ಇನ್ಯಾವುದೋ ಒಂದು ಸಿಕ್ಕಿಬಿಡುತ್ತದೆ. ಬಣ್ಣದ ಲ್ಯಾಡರ್ ಕೂಡ ಪಕ್ಕಾ ಅಲ್ಲ, ಬಣ್ಣ ಅಂಟಿಸಿದ್ದರಿಂದ ಅದರ ಪ್ರೋಟೀನ್‌ಗಳೂ ಸ್ವಲ್ಪ ಮೇಲೆ ಕೆಳಗೆ ಓಡುತ್ತವೆ. 50 ಮತ್ತು 55ರ ನಡುವೆ ಎಲ್ಲೇ ಬಂದರೂ ತೂಕದ ಮಟ್ಟಿಗೆ ಸರಿ ಅನ್ನಿ. ಆದರೆ ತೂಕ ಸರಿ ಬಂದಷ್ಟಕ್ಕೆ ತೀರ್ಪು ಕೊಡಬೇಡಿ, ಯಾಕೆಂದರೆ 50ರಿಂದ 55ರ ಆ ಓಣಿಯಲ್ಲಿ ಬೇರೆ ಪ್ರೋಟೀನ್‌ಗಳೂ ಬೇಕಾದಷ್ಟಿವೆ.

ತೀರ್ಪು ಕೊಡುವುದು ನಾಲ್ಕನೇ ಲೇನ್. ಎಚ್1299ನಲ್ಲಿ ಅದೇ ಎತ್ತರದಲ್ಲಿ ಗೆರೆ ಇಲ್ಲ, ಎಂಸಿಎಫ್-7ನಲ್ಲಿ ಇದೆ ಅಂದರೆ ನಂಬಬಹುದು. ಎಚ್1299ನಲ್ಲೂ ಗೆರೆ ಇದ್ದರೆ ನೀವು ನೋಡುತ್ತಿರುವುದು ಪಿ53 ಅಲ್ಲ, ಅಥವಾ ಪಕ್ಕದ ಲೇನ್‌ನಿಂದ ಸ್ಯಾಂಪಲ್ ಚೆಲ್ಲಿ ಬಂದಿದೆ. ಚೆಲ್ಲಿದ್ದೋ ಅಲ್ಲವೋ ತಿಳಿಯಲು ಮುಂದಿನ ಸಲ ಎಚ್1299 ಅನ್ನು ದಪ್ಪ ಬ್ಯಾಂಡ್‌ನ ಪಕ್ಕ ಹಾಕದೆ, ನಡುವೆ ಸ್ಯಾಂಪಲ್ ಹಾಕುವ ಒಂದು ಬಾವಿ ಬಿಟ್ಟು ಹಾಕಿ. ಆ ಖಾಲಿ ಬಾವಿಗೆ ಬರೀ ಸ್ಯಾಂಪಲ್ ಬಫರ್ ಹಾಕಿದರೆ ಅಂಚು ಬಾಗುವುದಿಲ್ಲ.

ನನ್ನ ಬಳಿಗೆ ಅತಿ ಹೆಚ್ಚು ಬರುವ ತಪ್ಪು ಬ್ಯಾಂಡ್ ಯಾವುದು ಗೊತ್ತಾ? ಇಲಿಯ ಅಂಗಾಂಶದ್ದು. ಲಿವರ್ ತುಂಡು ರುಬ್ಬಿ, ಜೆಲ್ ಓಡಿಸಿ, ಡಿಒ-1 ಹಾಕಿದ್ದಾರೆ. 50ರ ಮೇಲೆ ಗಟ್ಟಿ ಬ್ಯಾಂಡ್ ಬಂದಿದೆ. ಎಲ್ಲ ಲೇನ್‌ನಲ್ಲೂ ಬಂದಿದೆ. ಔಷಧ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ನೋಡಿ, ಡಿಒ-1 ಮನುಷ್ಯನ ಪಿ53 ಹಿಡಿಯುತ್ತದೆ, ಇಲಿಯದನ್ನು ಹಿಡಿಯುವುದಿಲ್ಲ. ಹಾಗಾದರೆ ಬ್ಯಾಂಡ್ ಯಾರದ್ದು? ಲಿವರ್‌ನಲ್ಲಿ ರಕ್ತ ಇತ್ತು, ರಕ್ತದಲ್ಲಿ ಇಲಿಯದೇ ಆಂಟಿಬಾಡಿ ಇತ್ತು, ಸ್ಯಾಂಪಲ್ ಬಫರ್‌ನಲ್ಲಿ ಅದು ಬಿಚ್ಚಿ 50 ಕಿಲೋಡಾಲ್ಟನ್‌ನ ದೊಡ್ಡ ಎಳೆ ಮತ್ತು 25ರ ಸಣ್ಣ ಎಳೆ ಆಯಿತು. ನಿಮ್ಮ ಆಂಟಿ-ಮೌಸ್ ಸೆಕೆಂಡರಿ ಹೋಗಿ ನೇರ ಅದಕ್ಕೇ ಕೂತಿತು. 25ರಲ್ಲೂ ಒಂದು ಗೆರೆ ಇದೆಯಾ ನೋಡಿ. ಇದ್ದರೆ ಅನುಮಾನ ಬಲವಾಯಿತು. ಖಚಿತ ಮಾಡಿಕೊಳ್ಳಲು ಅದೇ ಸ್ಯಾಂಪಲ್‌ನ ಇನ್ನೊಂದು ತುಂಡು ಮೆಂಬ್ರೇನ್‌ಗೆ ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿ. ಬ್ಯಾಂಡ್ ಆಗಲೂ ಬಂದರೆ ಮುಗಿಯಿತು. ಇಲಿ ಅಂಗಾಂಶಕ್ಕೆ ಇಲಿಯ ಪಿ53 ಹಿಡಿಯುವ ಮೊಲದ ಆಂಟಿಬಾಡಿ ತರಿಸಿ, ಆಂಟಿ-ರ್‍ಯಾಬಿಟ್ ಸೆಕೆಂಡರಿ ಬಳಸಿ.

53ರ ಕೆಳಗೆ, 40ರಿಂದ 48ರ ನಡುವೆ ಬರುವ ಗೆರೆಗಳ ಬಗ್ಗೆ ಎರಡು ಮಾತು. ಸುಮ್ನೆ ಕುತೂಹಲಕ್ಕೆ "ಹೊಸ ಐಸೋಫಾರ್ಮ್" ಅಂತ ಬರೆಯುವ ಮುಂಚೆ ಹೊಸ ಐಸ್, ಹೊಸ ಇನ್‌ಹಿಬಿಟರ್ ಹಾಕಿ ಹೊಸ ಸ್ಯಾಂಪಲ್ ಮಾಡಿ ನೋಡಿ. ಮಾಯವಾದರೆ ಅದು ಒಡೆದ ಚೂರು. ಎಚ್1299ನಲ್ಲೂ ಅದೇ ಗೆರೆ ಇದ್ದರೆ ಅದು ಪಿ53ಗೆ ಸಂಬಂಧವೇ ಇಲ್ಲದ್ದು. ನಿಜವಾದ ಗಿಡ್ಡ ರೂಪಗಳೂ ಇವೆ, ಆದರೆ ಅವುಗಳಲ್ಲಿ ಕೆಲವಕ್ಕೆ ಶುರುವಿನ 39 ಅಮೈನೋ ಆಮ್ಲವೇ ಇರುವುದಿಲ್ಲ, ಕೆಲವಕ್ಕೆ ಇನ್ನೂ ಜಾಸ್ತಿ ಕತ್ತರಿಸಿರುತ್ತದೆ. ಡಿಒ-1 ಕೂರುವುದು 20ರಿಂದ 25ರಲ್ಲಿ ಅಂದೆನಲ್ಲ, ಹಾಗಾಗಿ ಅಂಥವು ಈ ಬ್ಲಾಟ್‌ನಲ್ಲಿ ಕಾಣುವ ಪ್ರಶ್ನೆಯೇ ಇಲ್ಲ. ಇದ್ದರೂ ಕಾಣವು.

ಇನ್ನು ಬ್ಯಾಂಡ್ ನಡುವೆ ಬಿಳಿ, ಸುತ್ತ ಕಪ್ಪು, ಹೀಗೆ ಟೊಳ್ಳಾಗಿ ಬಂದರೆ ಪ್ರೋಟೀನ್ ಕಡಿಮೆ ಅಂತ ತಿಳಿಯಬೇಡಿ. ಉಲ್ಟಾ. ಅಲ್ಲಿ ಎಚ್‌ಆರ್‌ಪಿ ಅತಿಯಾಗಿ ಕೂತು, ಇಸಿಎಲ್ ಅನ್ನು ಕ್ಷಣದಲ್ಲಿ ತಿಂದು ಮುಗಿಸಿ, ಫೋಟೊ ತೆಗೆಯುವಷ್ಟರಲ್ಲಿ ಕತ್ತಲಾಗಿದೆ. ಮೆಂಬ್ರೇನ್ ಕೈಯಲ್ಲಿ ಹಿಡಿದು ನೋಡಿ, ಆ ಜಾಗದಲ್ಲಿ ಕಣ್ಣಿಗೇ ಕಾಣುವ ಕಂದು ಗೆರೆ ಇರುತ್ತದೆ. ಸೆಕೆಂಡರಿಯನ್ನು 1:20,000ಕ್ಕೆ ಇಳಿಸಿ.

ಏನೂ ಬರಲೇ ಇಲ್ಲವಾ? ಹಿಂದಿನಿಂದ ಮುಂದಕ್ಕೆ ಹುಡುಕಿ. ಕತ್ತಲೆಯಲ್ಲಿ ಒಂದು ಟ್ಯೂಬ್‌ಗೆ ಸ್ವಲ್ಪ ಇಸಿಎಲ್ ಹಾಕಿ, ಅದಕ್ಕೆ ಸೆಕೆಂಡರಿಯ ಒಂದು ಚಿಕ್ಕ ಹನಿ ಬಿಡಿ. ನೀಲಿ ಬೆಳಕು ಮಿಂಚಿದರೆ ಇವೆರಡೂ ಸರಿ. ಮಿಂಚದಿದ್ದರೆ ಒಂದು ಸತ್ತಿದೆ, ಬೇಸಿಗೆಯಲ್ಲಿ ಕರೆಂಟ್ ಹೋಗಿ ಹೋಗಿ ಬರುವ ಫ್ರಿಜ್‌ನಲ್ಲಿ, ಅದರಲ್ಲೂ ಬಾಗಿಲಿನ ಗೂಡಿನಲ್ಲಿ ಇಟ್ಟಿದ್ದರೆ ಆಶ್ಚರ್ಯವಿಲ್ಲ. ಅವೆರಡೂ ಸರಿ ಇದ್ದರೆ ಪಾನ್ಸೋ ಫೋಟೊ ತೆಗೆದು ನೋಡಿ, ಟ್ರಾನ್ಸ್‌ಫರ್ ಆಗಿತ್ತಾ ಅಂತ. ಅದೂ ಸರಿ ಇದ್ದರೆ ಉಳಿದದ್ದು ಪ್ರೈಮರಿ ಅಥವಾ ಸ್ಯಾಂಪಲ್. ಮೂರನೇ ಲೇನ್ ಇರುವುದು ಇದಕ್ಕೇ. ಡಾಕ್ಸೊರುಬಿಸಿನ್ ಕೊಟ್ಟ ಎಂಸಿಎಫ್-7ನಲ್ಲೂ ಪಿ53 ಕಾಣಲಿಲ್ಲ ಅಂದರೆ ನಿಮ್ಮ ಪ್ರಯೋಗದ ಸ್ಯಾಂಪಲ್‌ನಲ್ಲಿ "ಪಿ53 ಇಲ್ಲ" ಅಂತ ಬರೆಯುವ ಹಕ್ಕು ನಿಮಗಿಲ್ಲ.

ಎಷ್ಟು ಪಟ್ಟು ಹೆಚ್ಚಾಯಿತು?

ಇದಕ್ಕೆ ಆಕ್ಟಿನ್ ಬೇಕು. ಬೀಟಾ-ಆಕ್ಟಿನ್ 42 ಕಿಲೋಡಾಲ್ಟನ್, ಎಲ್ಲ ಲೇನ್‌ನಲ್ಲೂ ಇರುತ್ತದೆ. ಮೆಂಬ್ರೇನ್ ಅನ್ನು ಅಡ್ಡಕ್ಕೆ ಕತ್ತರಿಸಿ ಮೇಲಿನದಕ್ಕೆ ಪಿ53, ಕೆಳಗಿನದಕ್ಕೆ ಆಕ್ಟಿನ್ ಹಾಕುವ ರೂಢಿ ಇದೆ. ಮೊದಲ ಸಲ ಹಾಗೆ ಮಾಡಬೇಡಿ ಅಂತ ನನ್ನ ಮಾತು. ಕತ್ತರಿಸಿದರೆ ನಾನು ಈವರೆಗೆ ಹೇಳಿದ ತಪ್ಪು ಗೆರೆಗಳೆಲ್ಲ ಕತ್ತರಿಯ ಆಚೆ ಹೋಗುತ್ತವೆ. ಪೂರ್ತಿ ಮೆಂಬ್ರೇನ್ ಮೇಲೆ ಪಿ53 ನೋಡಿ, ಆಮೇಲೆ ಅದರ ಮೇಲೇ ಆಕ್ಟಿನ್ ಹಾಕಿ. ಎರಡೂ ಇಲಿಯ ಆಂಟಿಬಾಡಿಯಾದರೆ 53ರ ಗೆರೆ ಮತ್ತೆ ಕಾಣುತ್ತದೆ, ಕಾಣಲಿ, 42ರದ್ದು ಬೇರೆಯಾಗೇ ಇರುತ್ತದೆ.

ತುಂಬಿಹೋಗದ ಫೋಟೊ ಆರಿಸಿ ಇಮೇಜ್‌ಜೆ ಅನ್ನೋ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಮೊದಲ ಲೇನ್‌ನ ಪಿ53 ಬ್ಯಾಂಡ್ ಸುತ್ತ ಚೌಕ ಎಳೆದು ಈ ಮೆನುಗಳನ್ನು ಅನುಕ್ರಮವಾಗಿ ಬಳಸಿ, ಎರಡನೇ ಮೆನು ಒತ್ತುವ ಮುಂಚೆ ಪ್ರತಿ ಸಲ ಚೌಕವನ್ನು ಮುಂದಿನ ಲೇನ್ ಮೇಲೆ ಸರಿಸಿ:

```
Analyze > Gels > Select First Lane
Analyze > Gels > Select Next Lane
Analyze > Gels > Plot Lanes
```

ಪ್ರತಿ ಲೇನ್‌ಗೆ ಒಂದು ಗುಡ್ಡದಂಥ ಗೆರೆಚಿತ್ರ ಬರುತ್ತದೆ. ಗುಡ್ಡದ ಬುಡಕ್ಕೆ ಗೆರೆ ಎಳೆದು ಹಿನ್ನೆಲೆ ಬಿಟ್ಟು, ಮಂತ್ರದಂಡದ ಟೂಲ್‌ನಿಂದ ಒಳಗೆ ಒತ್ತಿದರೆ ಕ್ಷೇತ್ರಫಲ ಸಿಗುತ್ತದೆ. ಔಷಧ ಕೊಡದ್ದರಲ್ಲಿ ಪಿ53 4,200, ಕೊಟ್ಟದ್ದರಲ್ಲಿ 21,000 ಬಂತು ಅಂದುಕೊಳ್ಳಿ. ನೋಡಿದರೆ ಐದು ಪಟ್ಟು. ಆದರೆ ಆಕ್ಟಿನ್ ಮೊದಲನೆಯದರಲ್ಲಿ 15,000, ಎರಡನೆಯದರಲ್ಲಿ 12,500. ಅಂದರೆ ಎರಡನೇ ಸ್ಯಾಂಪಲ್ ಸ್ವಲ್ಪ ಕಡಿಮೆ ಬಿದ್ದಿದೆ. 4,200 ಭಾಗಿಸು 15,000, ಅಂದರೆ 0.28. 21,000 ಭಾಗಿಸು 12,500, ಅಂದರೆ 1.68. ಎರಡರ ಅನುಪಾತ 6. ಆರು ಪಟ್ಟು.

ಈ ಆರನ್ನು ನಂಬಬೇಕಾದರೆ ಐದನೇ ಲೇನ್ ನೋಡಿ. ಅಲ್ಲಿ 24ರ ಬದಲು 12 ಮೈಕ್ರೋಗ್ರಾಂ ಹಾಕಿದ್ದೆವು. ಪಿ53 ಸುಮಾರು 10,500 ಬಂದಿದ್ದರೆ ಅಳತೆ ಸರಿಯಾಗಿ ಓಡುತ್ತಿದೆ. 17,000 ಬಂದಿದ್ದರೆ ಮೂರನೇ ಲೇನ್ ತುಂಬಿಹೋಗಿದೆ, ನಿಜವಾದ ಏರಿಕೆ ಆರಕ್ಕಿಂತ ಜಾಸ್ತಿ ಇದೆ, ನಿಮ್ಮ ಬ್ಲಾಟ್‌ಗೆ ಅದು ಗೊತ್ತಾಗುತ್ತಿಲ್ಲ. ಆಕ್ಟಿನ್‌ಗೂ ಇದೇ ಪರೀಕ್ಷೆ ಹಾಕಿ. ಅದು ಜೀವಕೋಶದಲ್ಲಿ ಎಷ್ಟು ತುಂಬಿರುತ್ತದೆ ಅಂದರೆ 24 ಮೈಕ್ರೋಗ್ರಾಂನಲ್ಲಿ ಬಹಳ ಸಲ ಮೇಲ್ಮಿತಿ ದಾಟಿರುತ್ತದೆ. ಎಲ್ಲ ಲೇನ್‌ನಲ್ಲೂ ಒಂದೇ ಸಮ ಕಪ್ಪಾಗಿ ಚಂದ ಕಂಡ ಆಕ್ಟಿನ್ ಏನನ್ನೂ ಹೇಳುತ್ತಿರುವುದಿಲ್ಲ. ಆಗ ಪಾನ್ಸೋ ಫೋಟೊದ ಇಡೀ ಲೇನ್ ಅಳೆದು ಅದರಿಂದ ಭಾಗಿಸಿ, ನನಗೆ ಅದರ ಮೇಲೇ ಹೆಚ್ಚು ನಂಬಿಕೆ.

ಒಂದು ಬ್ಲಾಟ್‌ನ ಆರು ಪಟ್ಟು ಪೇಪರ್‌ಗೆ ಸಾಲದು. ಬೇರೆ ಬೇರೆ ದಿನ ಬೆಳೆಸಿದ ಜೀವಕೋಶಗಳಿಂದ ಕನಿಷ್ಠ ಮೂರು ಸಲ ಮಾಡಬೇಕು. ಒಂದೇ ಸ್ಯಾಂಪಲ್ ಅನ್ನು ಮೂರು ಜೆಲ್‌ನಲ್ಲಿ ಹಾಕಿದರೆ ಅದು ನಿಮ್ಮ ಪಿಪೆಟ್‌ನ ಪರೀಕ್ಷೆ ಆಗುತ್ತದೆ, ಪಿ53ಯದ್ದಲ್ಲ.

ಬ್ಯಾಂಡ್ ಹೇಳದೇ ಇರುವುದು

ಆರು ಪಟ್ಟು ಹೆಚ್ಚಾಯಿತು ಅಂದ ಕೂಡಲೇ "ಪಿ53 ಜೀನ್ ಆರು ಪಟ್ಟು ಜೋರಾಗಿ ಓಡಿತು" ಅಂತ ಬರೆಯುತ್ತಾರೆ. ಅದು ತಪ್ಪು. ಇಲ್ಲಿ ಮುಖ್ಯವಾಗಿ ಆಗಿದ್ದು ಒಡೆಯುವುದು ನಿಂತದ್ದು. ಬ್ಲಾಟ್‌ಗೆ ಗೊತ್ತಾಗುವುದು ಆ ಗಳಿಗೆಯಲ್ಲಿ ಎಷ್ಟಿದೆ ಅನ್ನೋದು ಮಾತ್ರ.

ಹಾಗೆಯೇ ಪ್ರೋಟೀನ್ ಜಾಸ್ತಿ ಇದೆ ಅಂದರೆ ಕೆಲಸ ಜಾಸ್ತಿ ಮಾಡುತ್ತಿದೆ ಅಂತಲ್ಲ. ಎಚ್‌ಟಿ-29 ಅನ್ನೋ ಕರುಳಿನ ಕ್ಯಾನ್ಸರ್ ಸಾಲಿನಲ್ಲಿ ಔಷಧ ಏನೂ ಕೊಡದೆಯೇ ಪಿ53 ಬ್ಯಾಂಡ್ ಭರ್ಜರಿಯಾಗಿ ಬರುತ್ತದೆ. ಆದರೆ ಅದರಲ್ಲಿ 273ನೇ ಅಮೈನೋ ಆಮ್ಲ ಬದಲಾಗಿದೆ, ಡಿಎನ್‌ಎ ಹಿಡಿಯಲು ಬರುವುದಿಲ್ಲ. ಕೆಲಸ ಮಾಡದ ಪಿ53 ಒಡೆಯದೆ ಹಾಗೇ ಶೇಖರವಾಗಿರುತ್ತದೆ. ಡಿಒ-1ಗೆ ಈ ವ್ಯತ್ಯಾಸ ಗೊತ್ತಿಲ್ಲ, ಅದು ಕೂರುವ ಜಾಗ ಎರಡರಲ್ಲೂ ಒಂದೇ.

ಅದಕ್ಕೆ ಅದೇ ಸ್ಯಾಂಪಲ್‌ಗಳನ್ನು 15 ಶೇಕಡಾ ಜೆಲ್‌ನಲ್ಲಿ ಓಡಿಸಿ ಪಿ21 ನೋಡಿ. ಇಷ್ಟು ಚಿಕ್ಕ ಪ್ರೋಟೀನ್‌ಗೆ ಮೆಂಬ್ರೇನ್ 0.2 ಮೈಕ್ರೋಮೀಟರ್ ರಂಧ್ರದ್ದಿರಲಿ, 0.45ರದ್ದಾದರೆ ಒಂದಷ್ಟು ದಾಟಿ ಹೋಗುತ್ತದೆ. ಪಿ53 ಕೆಲಸಕ್ಕಿಳಿದರೆ ಪಿ21ರ ಜೀನ್ ಚಾಲೂ ಮಾಡುತ್ತದೆ, 21ರ ಎತ್ತರದಲ್ಲಿ ಗೆರೆ ಬರುತ್ತದೆ. ಎಂಸಿಎಫ್-7ನಲ್ಲಿ ಡಾಕ್ಸೊರುಬಿಸಿನ್ ಕೊಟ್ಟಾಗ ಎರಡೂ ಏರಬೇಕು. ಪಿ53 ಮಾತ್ರ ಏರಿ ಪಿ21 ಏರದಿದ್ದರೆ ಮೊದಲು ಔಷಧದ ಪ್ರಮಾಣ ಮತ್ತು ಹೊತ್ತು ನೋಡಿ, ಆಮೇಲೆ ಜೀವಕೋಶ ನಿಜವಾಗಿ ಎಂಸಿಎಫ್-7 ಹೌದಾ ಅಂತ ಪರೀಕ್ಷೆಗೆ ಕಳಿಸಿ. ಲ್ಯಾಬ್‌ನಿಂದ ಲ್ಯಾಬ್‌ಗೆ ಕೈ ಬದಲಾಗುತ್ತಾ ಬಂದ ಸಾಲುಗಳಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದು ಇರುವುದು ಅಪರೂಪವೇನಲ್ಲ.

ಕಡೆಯ ಕೆಲಸ ಫೈಲ್‌ಗಳದ್ದು. ಇಮೇಜರ್ ಕೊಟ್ಟ ಮೂಲ ಫೈಲ್, ಪಾನ್ಸೋ ಫೋಟೊ, ಪೂರ್ತಿ ಮೆಂಬ್ರೇನ್‌ನ ಮೂರೂ ಎಕ್ಸ್‌ಪೋಶರ್, ಎಲ್ಲವನ್ನೂ ತಾರೀಖು ಹಾಕಿ ಎರಡು ಕಡೆ ಇಡಿ, ವಾಟ್ಸ್ಯಾಪ್‌ನಲ್ಲಿ ಕಳಿಸಿದ ಫೋಟೊದಿಂದ ಅಳತೆ ಮಾಡಬೇಡಿ, ಅದು ಒತ್ತಿ ಕುಗ್ಗಿಸಿದ ಚಿತ್ರ. ಚಿತ್ರದಲ್ಲಿ ಲೇನ್‌ಗಳನ್ನು ಬೇರೆ ಕಡೆಯಿಂದ ತಂದು ಜೋಡಿಸಿದ್ದರೆ ನಡುವೆ ಗೆರೆ ಎಳೆದು ತೋರಿಸಿ. ಚಿತ್ರದ ಕೆಳಗೆ ಎಷ್ಟು ಮೈಕ್ರೋಗ್ರಾಂ ಹಾಕಿದ್ದು, ಯಾವ ಆಂಟಿಬಾಡಿ, ಯಾವ ಕ್ಲೋನ್, ಎಷ್ಟು ತೆಳು ಮಾಡಿದ್ದು ಅಂತ ಬರೆಯಿರಿ, ಎಚ್1299 ಲೇನ್ ಅನ್ನು ಮಾತ್ರ ಜಾಗ ಸಾಲದು ಅಂತ ಕತ್ತರಿಸಿ ಬಿಡಬೇಡಿ.